ದೇವರಕಾಡಿನಲ್ಲಿ ಮೊದಲು ಮರ ಎಣಿಸಿದೆ, ಆಮೇಲೆ ಸಸಿ

ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ. ಬಹುಪಾಲು ಕೆಲವೇ ಎಕರೆಯವು, ಸುತ್ತಲೂ ಕಾಫಿ ತೋಟ. ಅಂಥ ಒಂಬತ್ತು ಕಾಡುಗಳಲ್ಲಿ ನಾನು ಎರಡು ಬೇಸಿಗೆ ಮರ ಎಣಿಸಿದೆ. ಅದರಲ್ಲಿ ಒಂದು 4 ಹೆಕ್ಟೇರಿನದು, ಅಂದರೆ ಸುಮಾರು ಹತ್ತು ಎಕರೆ. ಅದರ ಅರ್ಧವನ್ನು ಬೇರೆ ಕೆಲಸಕ್ಕೆ ಬಿಡಬಹುದಾ ಎಂದು ಊರಿನವರು ಯೋಚಿಸುತ್ತಿದ್ದರು.

ಎಣಿಕೆಯ ಕ್ರಮ ಸರಳ. ಎದೆಮಟ್ಟದಲ್ಲಿ ಸುತ್ತಳತೆ 30 ಸೆಂಟಿಮೀಟರ್ ದಾಟಿದ ಪ್ರತಿ ಮರದ ಜಾತಿ ಬರೆದುಕೊಳ್ಳುವುದು. ಮೊದಲ ವರ್ಷ ಒಂದು ತಪ್ಪು ಮಾಡಿದೆ. ದೊಡ್ಡ ಕಾಡಿನಲ್ಲಿ ನಾಲ್ಕು ದಿನ ಸುತ್ತಿದೆ, ಸಣ್ಣದನ್ನು ಅರ್ಧ ದಿನದಲ್ಲಿ ಮುಗಿಸಿದೆ. ಜಾಸ್ತಿ ಹುಡುಕಿದರೆ ಜಾಸ್ತಿ ಸಿಗುತ್ತೆ, ಅಲ್ವಾ? ಹಾಗಾಗಿ ಎರಡನೇ ವರ್ಷ ಎಲ್ಲ ಕಾಡಿನಲ್ಲೂ 20 ಮೀಟರ್ ಚೌಕದ ಒಂದೇ ಅಳತೆಯ ತುಂಡುಗಳನ್ನು ಹಾಕಿ ಹೋಲಿಸಿದೆ. ಆಗಲೂ ದೊಡ್ಡ ಕಾಡಿನ ತುಂಡುಗಳಲ್ಲೇ ಜಾತಿ ಹೆಚ್ಚಿದ್ದವು. ಅಂದರೆ ವ್ಯತ್ಯಾಸ ಬರೀ ಹುಡುಕಾಟದ್ದಲ್ಲ.

ವಿಸ್ತಾರಕ್ಕೂ ಜಾತಿಗಳ ಸಂಖ್ಯೆಗೂ ಇರುವ ನಂಟನ್ನು ಹೀಗೆ ಬರೆಯುತ್ತಾರೆ:

```
S = c × A^z
```

S ಜಾತಿಗಳ ಸಂಖ್ಯೆ, A ವಿಸ್ತಾರ, c ಬದಲಾಗದ ಒಂದು ಸಂಖ್ಯೆ. ಎರಡರ ಲಾಗ್ ತೆಗೆದು ಗೆರೆ ಎಳೆದರೆ ಆ ಗೆರೆಯ ಇಳಿಜಾರೇ z. ನನಗೆ ಅದು 0.3ರ ಆಸುಪಾಸು ಬಂತು. ಈ ಲೆಕ್ಕದಲ್ಲಿ ವಿಸ್ತಾರ ಹತ್ತನೇ ಒಂದಾದರೆ ಜಾತಿಗಳು ಅರ್ಧಕ್ಕೆ ಇಳಿಯುತ್ತವೆ. ವಿಸ್ತಾರ ಅರ್ಧವಾದರೆ ಸುಮಾರು 19% ಕಡಿಮೆ.

ಇದನ್ನು ಸಮಿತಿಯ ಮುಂದೆ ಹೇಳಿದಾಗ ಹಿರಿಯರೊಬ್ಬರು ಕೇಳಿದರು: "ಹಾಗಾದರೆ ಅರ್ಧ ಬಿಟ್ಟರೂ ಐದರಲ್ಲಿ ನಾಲ್ಕು ಪಾಲು ಉಳಿಯುತ್ತಲ್ಲಪ್ಪಾ?"

ಆ ಪ್ರಶ್ನೆ ನನ್ನನ್ನು ಮತ್ತೆ ಕಾಡಿಗೆ ಕಳಿಸಿತು. ಸೂತ್ರ ಎಷ್ಟು ಜಾತಿ ಎಂದು ಹೇಳುತ್ತದೆ. ಯಾವುದು ಹೋಗುತ್ತೆ, ಯಾವಾಗ ಹೋಗುತ್ತೆ ಎಂದು ಹೇಳುವುದಿಲ್ಲ. ಮರ ನೂರಾರು ವರ್ಷ ನಿಂತಿರಬಲ್ಲದು. ಕಾಡು ಚಿಕ್ಕದಾದ ಮೇಲೂ ಅದು ನಮ್ಮ ಲೆಕ್ಕಕ್ಕೆ ಸಿಗುತ್ತಲೇ ಇರುತ್ತದೆ. ಅದಕ್ಕೆ ಈ ಸಲ ಮರ ಬಿಟ್ಟು ಮೊಣಕಾಲೆತ್ತರದ ಸಸಿಗಳನ್ನು ಎಣಿಸಿದೆ. ಅತಿ ಸಣ್ಣ ಕಾಡುಗಳಲ್ಲಿ ದೊಡ್ಡ ಧೂಪದ ಮರಗಳಿದ್ದವು, ಕೆಳಗೆ ಒಂದೂ ಧೂಪದ ಸಸಿ ಇರಲಿಲ್ಲ. ರಾಂಪತ್ರೆಯದೂ ಇದೇ ಕಥೆ. ಅದರ ದೊಡ್ಡ ಬೀಜ ಹೊತ್ತೊಯ್ಯಲು ಮಂಗಟ್ಟೆಯಂಥ ಹಕ್ಕಿ ಬೇಕು. ಆ ಮರಗಳು ಪಟ್ಟಿಯಲ್ಲಿದ್ದರೂ ಅವುಗಳ ಮುಂದಿನ ತಲೆಮಾರು ಅಲ್ಲಿಲ್ಲ. ಇದನ್ನು ನೋಡಿದಾಗ ನಿಜಕ್ಕೂ ಸಂಕಟವಾಯಿತು.

ಕಾರಣ ಹುಡುಕಲು ಅಂಚಿನಿಂದ ಒಳಕ್ಕೆ ಹಗ್ಗ ಎಳೆದೆ. ಲಂಟಾನ, ಕಮ್ಯುನಿಸ್ಟ್ ಗಿಡ, ಒಣಗಿದ ನೆಲ ಎಲ್ಲಿಯವರೆಗೆ ಇದೆ ಎಂದು ಗುರುತು ಹಾಕಿದೆ. ಇಲ್ಲಿ ಅದು ಸುಮಾರು 20 ಮೀಟರ್ ಒಳಗೆ ನಿಂತಿತು. ಈಗ ಹಾಳೆಯ ಮೇಲೆ ಲೆಕ್ಕ ಮಾಡಿ. 200 ಮೀಟರ್ ಚೌಕದ 4 ಹೆಕ್ಟೇರ್ ಕಾಡಿನಲ್ಲಿ ಸುತ್ತ 20 ಮೀಟರ್ ಬಿಟ್ಟರೆ ಒಳಗಾಡು 2.56 ಹೆಕ್ಟೇರ್. ಅದೇ ನೆಲವನ್ನು ಒಂದೊಂದು ಹೆಕ್ಟೇರಿನ ನಾಲ್ಕು ಬಿಡಿಬಿಡಿ ಚೌಕ ಮಾಡಿದರೆ ಒಟ್ಟು ಒಳಗಾಡು 1.44 ಮಾತ್ರ. 100 ಮೀಟರ್ ಅಗಲ, 200 ಮೀಟರ್ ಉದ್ದದ ಅರ್ಧ ಕಾಡು ಉಳಿಸಿಕೊಂಡರೆ 0.96. ಅಂದರೆ ಕಾಡು ಅರ್ಧವಾದರೂ ಧೂಪಕ್ಕೆ ಬೇಕಾದ ನೆರಳಿನ ನೆಲ ಅರ್ಧಕ್ಕಿಂತ ತುಂಬಾ ಕೆಳಗೆ ಇಳಿಯುತ್ತದೆ. ಈ ಚಿತ್ರ ನೋಡಿದ ಮೇಲೆ ಊರಿನವರು ಆ ಯೋಚನೆ ಬಿಟ್ಟರು.

ಹಾಗಂತ ಸಣ್ಣ ಕಾಡು ಬೇಡ ಎನ್ನುವುದು ಸರಿಯಲ್ಲ. ಎರಡು ಕಾಡುಗಳ ಪಟ್ಟಿಯನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಸಣ್ಣದರಲ್ಲಿರುವ ಜಾತಿಗಳೆಲ್ಲ ದೊಡ್ಡದರಲ್ಲೂ ಇದ್ದರೆ ದುಡ್ಡು, ಶ್ರಮ ದೊಡ್ಡದಕ್ಕೆ ಹೋಗಲಿ. ನಮ್ಮಲ್ಲಿ ಹೊಳೆ ಬದಿಯ ಒಂದು ಪುಟ್ಟ ಕಾಡಿನಲ್ಲಿ ಬೇರೆಲ್ಲೂ ಸಿಗದ ಮರಗಳಿದ್ದವು. ಅದನ್ನು ಬಿಡಲು ಸಾಧ್ಯವೇ ಇರಲಿಲ್ಲ.

1967ರಲ್ಲಿ ಮ್ಯಾಕ್‌ಆರ್ಥರ್ ಮತ್ತು ವಿಲ್ಸನ್ ಎಂಬ ಪರಿಸರ ವಿಜ್ಞಾನಿಗಳು ಸಮುದ್ರದ ದ್ವೀಪಗಳಿಗೆ ಹೇಳಿದ್ದು ಎರಡು ಮಾತು: ದ್ವೀಪ ದೊಡ್ಡದಿದ್ದರೆ ಜಾತಿ ಅಳಿಯುವುದು ನಿಧಾನ, ದೊಡ್ಡ ನೆಲಕ್ಕೆ ಹತ್ತಿರವಿದ್ದರೆ ಹೊಸದು ಬಂದು ಸೇರುವುದು ಬೇಗ. ಆದರೆ ನಮ್ಮ ಸುತ್ತ ಇರುವುದು ಸಮುದ್ರವಲ್ಲ, ಕಾಫಿ ತೋಟ. ಹಲಸು, ನೇರಳೆಯಂಥ ಊರ ಮರಗಳ ನೆರಳಿದ್ದರೆ ಹಕ್ಕಿ ದಾಟಿ ಬರುತ್ತದೆ. ಬರೀ ಸಿಲ್ವರ್ ಓಕ್ ಇದ್ದರೆ ಅದಕ್ಕೆ ಅಲ್ಲಿ ತಿನ್ನಲು ಹಣ್ಣಿಲ್ಲ. ಹಾಗಾಗಿ ಪಕ್ಕದ ಮೂವರು ತೋಟದವರನ್ನು ಕೇಳಿಕೊಂಡೆ. ಗಡಿಯ ಎರಡು ಸಾಲಿನಲ್ಲಿ ಹಳೆಯ ನೆರಳು ಮರ ಕಡಿಯುವುದಿಲ್ಲ ಎಂದು ಇಬ್ಬರು ಒಪ್ಪಿದರು. ಸಣ್ಣ ಕಾಡುಗಳಿಗೆ ಧೂಪದ ಸಸಿಯನ್ನು ನಾವೇ ಮಾಡುತ್ತಿದ್ದೇವೆ. ಅದರ ಬೀಜ ಒಣಗಿಸಿಟ್ಟರೆ ಸಾಯುತ್ತದೆ. ಅದಕ್ಕೆ ಮಳೆ ಶುರುವಾದಾಗ ಬಿದ್ದ ಬೀಜವನ್ನು ಆಯ್ದು, ಅದೇ ವಾರ ಚೀಲದ ಮಣ್ಣಿಗೆ ಹಾಕುತ್ತೇವೆ.