ಸೂಜಿ ಚುಚ್ಚಿದಾಗ ತೆಗೆದುಕೊಂಡ ಎರಡು ತೀರ್ಮಾನಗಳು

ತೀರ್ಥಹಳ್ಳಿ ಕಡೆಯ ಆಸ್ಪತ್ರೆಯೊಂದರಲ್ಲಿ ರಾತ್ರಿ ಪಾಳಿಯಲ್ಲಿದ್ದಾಗ, ಚಳಿಜ್ವರದಿಂದ ದಾಖಲಾಗಿದ್ದ ವೃದ್ಧರೊಬ್ಬರಿಗೆ ಐ.ವಿ. ಕ್ಯಾನುಲಾ ಹಾಕಿ ಒಳಗಿನ ಸೂಜಿಯನ್ನು ಹೊರತೆಗೆಯುತ್ತಿದ್ದೆ. ಅವರು ನಡುಗಿ ಕೈಯನ್ನು ಎಳೆದುಕೊಂಡರು, ಸೂಜಿ ಗ್ಲೌಸನ್ನು ತೂರಿ ನನ್ನ ಎಡ ತೋರುಬೆರಳಿಗೆ ಚುಚ್ಚಿತು. ಟೊಳ್ಳು ಸೂಜಿಯ ಒಳಗೆ ರಕ್ತ ಉಳಿದಿರುತ್ತದೆ. ಆದ್ದರಿಂದ ಹೊಲಿಗೆಯ ಸೂಜಿಗಿಂತ ಇದರ ಅಪಾಯ ಹೆಚ್ಚು.

ಸೂಜಿಯನ್ನು ಪೆಟ್ಟಿಗೆಗೆ ಹಾಕಿ, ಗ್ಲೌಸ್ ಕಳಚಿ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಬೆರಳನ್ನು ತೊಳೆದೆ. ಹಿಂಡಿ ರಕ್ತ ತೆಗೆಯಬೇಕೆಂದೂ ಸ್ಪಿರಿಟ್ ಸುರಿಯಬೇಕೆಂದೂ ಹಲವರು ಹೇಳುತ್ತಾರೆ; ಹಿಂಡಿದರೆ, ಸುಟ್ಟರೆ ಅಂಗಾಂಶಕ್ಕೆ ಗಾಯವಾಗುತ್ತದೆಯೇ ಹೊರತು ಪ್ರಯೋಜನವಿಲ್ಲವೆಂದು ಕಲಿತಿದ್ದರಿಂದ ಎರಡನ್ನೂ ಮಾಡಲಿಲ್ಲ.

ಕೂಡಲೇ ಕ್ಯಾಶುವಾಲಿಟಿಯ ವೈದ್ಯರಿಗೆ ತಿಳಿಸಿ, ಚುಚ್ಚಿದ ಸಮಯ, ಸೂಜಿಯ ಬಗೆ, ಗಾಯದ ಆಳ, ರೋಗಿಯ ವಿವರ ಮತ್ತು ನನ್ನ ಲಸಿಕೆಯ ಇತಿಹಾಸವನ್ನು ರಿಜಿಸ್ಟರಿನಲ್ಲಿ ಬರೆಸಿದೆ. ಸಮಯವನ್ನು ಬರೆಸುವುದು ಮುಖ್ಯ, ಏಕೆಂದರೆ ಮುಂದಿನ ಪ್ರತಿಯೊಂದು ತೀರ್ಮಾನವೂ ಆ ಗಳಿಗೆಯಿಂದಲೇ ಲೆಕ್ಕವಾಗುತ್ತದೆ.

ಎಚ್‌ಐವಿ ರಕ್ತವಿದ್ದ ಸೂಜಿ ಚುಚ್ಚಿದರೆ ಸೋಂಕು ತಗಲುವ ಸಾಧ್ಯತೆ ಸುಮಾರು ಶೇ. 0.3. ತಡೆ ಔಷಧವನ್ನು ಆದಷ್ಟು 2 ಗಂಟೆಯೊಳಗೆ ಆರಂಭಿಸಬೇಕು, 72 ಗಂಟೆ ಮೀರಿದರೆ ಕೊಡುವುದಿಲ್ಲ. ರೋಗಿಯ ಪರೀಕ್ಷೆಗೆ ಬೆಳಿಗ್ಗೆಯವರೆಗೆ ಕಾಯಬೇಕಿತ್ತು. “ಸಿಸ್ಟರ್, ವರದಿಗೆ ಕಾಯುವುದು ಬೇಡ. ಈಗ ಮೊದಲ ಡೋಸ್ ತೆಗೆದುಕೊಳ್ಳಿ, ಬೇಡವೆಂದಾದರೆ ಬೆಳಿಗ್ಗೆ ನಿಲ್ಲಿಸೋಣ,” ಎಂದರು ವೈದ್ಯರು. ನನ್ನ ರಕ್ತದ ಮಾದರಿ ಕೊಟ್ಟು, ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಒಟ್ಟಾಗಿರುವ ಮಾತ್ರೆಯನ್ನು ನುಂಗಿದೆ. ಬೆಳಿಗ್ಗೆ ಆಪ್ತಸಮಾಲೋಚಕರು ವಿವರಿಸಿದ ಮೇಲೆ ಆ ಹಿರಿಯರು ಪರೀಕ್ಷೆಗೆ ಒಪ್ಪಿದರು. ಎಚ್‌ಐವಿ ಇರಲಿಲ್ಲ, ಸೋಂಕು ತಗಲಿಯೂ ಪರೀಕ್ಷೆಯಲ್ಲಿ ಕಾಣದಿರುವ ಆರಂಭದ ಅವಧಿಯಲ್ಲಿರಬಹುದೆಂದು ಶಂಕಿಸುವ ಕಾರಣವೂ ಇರಲಿಲ್ಲ. ಹಾಗಾಗಿ 28 ದಿನಗಳ ಔಷಧವನ್ನು ಮುಂದುವರಿಸಲಿಲ್ಲ.

ಆದರೆ ಅವರ ಹೆಪಟೈಟಿಸ್ ಬಿ ಪರೀಕ್ಷೆ ಪಾಸಿಟಿವ್ ಬಂದಿತ್ತು. ರಕ್ಷಣೆಯಿಲ್ಲದವರಿಗೆ ಈ ಸೋಂಕು ಸೂಜಿಯಿಂದ ತಗಲುವ ಸಾಧ್ಯತೆ ಶೇ. 6ರಿಂದ 30, ಅಂದರೆ ಎಚ್‌ಐವಿಗಿಂತ ಎಷ್ಟೋ ಪಟ್ಟು ಹೆಚ್ಚು. ನಾನು ತರಬೇತಿಯ ಕಾಲದಲ್ಲೇ ಲಸಿಕೆಯ ಮೂರು ಡೋಸ್ ಪಡೆದಿದ್ದೆ, ಆದರೆ ಅದು ದೇಹದಲ್ಲಿ ಪ್ರತಿಕಾಯಗಳನ್ನು ಉಂಟುಮಾಡಿದೆಯೇ ಎಂದು ಆಗ ಯಾರೂ ಪರೀಕ್ಷಿಸಿರಲಿಲ್ಲ. ಶಿವಮೊಗ್ಗದ ಲ್ಯಾಬಿನಿಂದ ಬಂದ ವರದಿಯಲ್ಲಿ ಪ್ರತಿಕಾಯಗಳ ಮಟ್ಟವನ್ನು ತೋರಿಸುವ ಟೈಟರ್ 10ಕ್ಕಿಂತ ಕಡಿಮೆಯಿತ್ತು, ಅಂದರೆ ನನ್ನನ್ನು ರಕ್ಷಣೆಯಿದ್ದವಳೆಂದು ಭಾವಿಸುವಂತಿರಲಿಲ್ಲ. ಹೆಪಟೈಟಿಸ್ ಬಿ ಇಮ್ಯುನೊಗ್ಲಾಬ್ಯುಲಿನ್ ತಕ್ಷಣ ರಕ್ಷಣೆ ಕೊಡುತ್ತದೆ, ಆದರೆ ಅದನ್ನು 24 ಗಂಟೆಯೊಳಗೆ ಕೊಡುವುದು ಒಳ್ಳೆಯದು. ನಮ್ಮಲ್ಲಿ ಅದರ ದಾಸ್ತಾನು ಇರಲಿಲ್ಲವಾದ್ದರಿಂದ ಶಿವಮೊಗ್ಗದಿಂದ ತರಿಸಿ ಅಂದು ಸಂಜೆಯೇ ಹಾಕಿಸಿಕೊಂಡೆ. ಲಸಿಕೆಯ ಹೊಸ ಸರಣಿಯ ಮೊದಲ ಡೋಸನ್ನು ಮತ್ತೊಂದು ತೋಳಿಗೆ ಕೊಟ್ಟರು.

ಇಮ್ಯುನೊಗ್ಲಾಬ್ಯುಲಿನ್ ಕೊಟ್ಟ ಕೆಲವು ತಿಂಗಳು ಟೈಟರ್ ಹೆಚ್ಚು ಕಾಣುತ್ತದೆ. ಅದು ಹೊರಗಿನಿಂದ ಬಂದ ಪ್ರತಿಕಾಯ, ಲಸಿಕೆಯ ಫಲವಲ್ಲ. ಆದ್ದರಿಂದ ಸರಣಿಯ ಕೊನೆಯ ಡೋಸಿನ ನಂತರವೇ ಮತ್ತೆ ಟೈಟರ್ ನೋಡಿಸಿದೆವು. ಅದು 10ನ್ನು ದಾಟಿತ್ತು. ಆರು ತಿಂಗಳಿಗೆ ಮಾಡಿಸಿದ ಹೆಪಟೈಟಿಸ್ ಬಿ ಪರೀಕ್ಷೆಯಲ್ಲಿ ಸೋಂಕು ಕಂಡುಬಂದಿರಲಿಲ್ಲ.