ಬೂಷ್ಟು ತಿಂದ ಮದುವೆ ಫೋಟೋ: ಕಣ್ಣು, ಹಲ್ಲು, ಕೂದಲಂಚು ಸರಿಮಾಡಿದ ನನ್ನ ಅನುಭವ

ಕೊಡಗಿನ ಮಳೆಗಾಲಕ್ಕೂ ಫೋಟೋ ಆಲ್ಬಮ್‌ಗೂ ಆಗಿಬರುವುದಿಲ್ಲ. ಪ್ರಿಂಟಿನ ಮೇಲ್ಪದರದಲ್ಲಿ ಜೆಲಾಟಿನ್ ಇರುತ್ತದೆ. ಬೀರುವಿನೊಳಗೆ ಥಂಡಿ ಸೇರಿದರೆ ಬೂಷ್ಟು ಮೊದಲು ಅದನ್ನೇ ತಿನ್ನುತ್ತದೆ. ಮಡಿಕೇರಿಯ ನನ್ನ ಸ್ಟುಡಿಯೋಗೆ ಬರುವ ಹಳೆ ಫೋಟೋಗಳಲ್ಲಿ ಹೀಗೆ ಹಾಳಾದವೇ ಜಾಸ್ತಿ. ಕಲೆ ಸೀರೆಯ ಮೇಲೋ ಗೋಡೆಯ ಮೇಲೋ ಇದ್ದರೆ ಕ್ಲೋನ್ ಮಾಡಿ ಮುಗಿಸಬಹುದು. ಮುಖದ ಮೇಲೆಯೇ ಕೂತಿದ್ದರೆ ಹೋದ ಭಾಗವನ್ನು ಎಐ ಟೂಲಿನಲ್ಲಿ ಹುಟ್ಟಿಸಿ ಕೂಡಿಸಬೇಕಾಗುತ್ತದೆ.

ವಿರಾಜಪೇಟೆ ಕಡೆಯ ಒಂದು ಕುಟುಂಬದ ಫೋಟೋ ಹಾಗಿತ್ತು. ತೊಂಬತ್ತರ ದಶಕದ ಕಲರ್ ಪ್ರಿಂಟ್. ಬಿಳಿ ಕುಪ್ಯದ ಮದುಮಗ, ಪಕ್ಕದಲ್ಲಿ ಕೆಂಪು ಸೀರೆ, ತಲೆಗೆ ಕೆಂಪು ವಸ್ತ್ರ ತೊಟ್ಟು ನಗುತ್ತಿರುವ ಮದುಮಗಳು. ಮದುಮಗಳ ಮುಖದಲ್ಲಿ ನಮಗೆ ಬಲಕ್ಕೆ ಕಾಣುವ ಭಾಗ ಹೋಗಿತ್ತು. ಒಂದು ಕಣ್ಣು, ಅರ್ಧ ನಗು, ಕೆನ್ನೆಪಕ್ಕದ ಕೂದಲು ಯಾವುದೂ ಉಳಿದಿರಲಿಲ್ಲ. ಅವರ ಮಗಳು ಪ್ರಿಂಟ್ ಜೊತೆಗೆ ಅಮ್ಮನ ಅದೇ ಕಾಲದ ಇನ್ನೆರಡು ಫೋಟೋ ಕೊಟ್ಟರು. ಹೀಗೆ ಕೇಳಿ ಇಟ್ಟುಕೊಳ್ಳುವುದು ತುಂಬಾ ಮುಖ್ಯ. ಯಾಕೆ ಅಂತ ಹಲ್ಲಿನ ವಿಷಯಕ್ಕೆ ಬಂದಾಗ ಹೇಳುತ್ತೇನೆ.

ಇಡೀ ಫೋಟೋವನ್ನು ಟೂಲಿಗೆ ಕೊಟ್ಟು ಮುಖ ತುಂಬಿಸು ಎಂದರೆ ಕಣ್ಣು ಕಲಸಿದಂತೆ ಬರುತ್ತದೆ. ಇದಕ್ಕೆ ಕಾರಣ ಸರಳ. ಸ್ಟೇಬಲ್ ಡಿಫ್ಯೂಷನ್‌ನಂಥ ಮಾಡೆಲ್ ಚಿತ್ರವನ್ನು ಎಂಟಕ್ಕೆ ಎಂಟು ಪಿಕ್ಸೆಲ್‌ನ ಚೌಕಗಳಾಗಿ ಕುಗ್ಗಿಸಿ ಕೆಲಸ ಮಾಡುತ್ತದೆ. 512 ಪಿಕ್ಸೆಲ್ ಅಗಲದ ಚಿತ್ರದಲ್ಲಿ ಮುಖ 60 ಪಿಕ್ಸೆಲ್ ಇದ್ದರೆ, ಒಂದು ಕಣ್ಣಿಗೆ ಸಿಗುವುದು ಹೆಚ್ಚುಕಡಿಮೆ ಒಂದೂವರೆ ಚೌಕ. ಅಷ್ಟರಲ್ಲಿ ರೆಪ್ಪೆ, ಪಾಪೆ, ಹೊಳಪು ಎಲ್ಲಾ ಹೇಗೆ ಹಿಡಿಸಬೇಕು? ಅದಕ್ಕೇ ನಾನು, ಚಿತ್ರದ ಒಂದು ಭಾಗವನ್ನಷ್ಟೇ ಹೊಸದಾಗಿ ತುಂಬಿಸುವ ಇನ್‌ಪೇಂಟ್‌ನಲ್ಲಿ `Only masked` ಆರಿಸುತ್ತೇನೆ. ಆಗ ಮಾಸ್ಕ್ ಮಾಡಿದ ಜಾಗ ಮಾತ್ರ ದೊಡ್ಡದಾಗಿ ತಯಾರಾಗಿ, ಆಮೇಲೆ ಚಿಕ್ಕದಾಗಿ ತನ್ನ ಜಾಗದಲ್ಲಿ ಕೂರುತ್ತದೆ. ಮೊದಲ ಸಲ ಮುಖದ ಆಕಾರ ಬರಲಿ ಅಂತ, ಇರುವುದನ್ನು ಟೂಲ್ ಎಷ್ಟು ಬದಲಿಸಬೇಕು ಎಂದು ಹೇಳುವ `Denoising strength` ಜಾಸ್ತಿ ಇಡುತ್ತೇನೆ. ಆಕಾರ ಸರಿ ಬಂದ ಮೇಲೆ 0.3 ಆಸುಪಾಸಿಗೆ ಇಳಿಸಿ ಇನ್ನೊಂದು ಸಲ ಓಡಿಸುತ್ತೇನೆ. ಮುಂದಿನದೆಲ್ಲ ಫೋಟೋಶಾಪ್‌ನಲ್ಲಿ, ಕೈಯಿಂದಲೇ.

ಹೀಗೆ ಬಂದ ಕಣ್ಣು ಬಿಡಿಯಾಗಿ ನೋಡಿದರೆ ಚೆಂದವಾಗಿತ್ತು. ಆದರೆ ಅದರಲ್ಲಿದ್ದ ಹೊಳಪು ಕಿಟಕಿಯಂತೆ ಅಗಲವಾಗಿ, ಬಲಗಡೆಗಿತ್ತು. ಉಳಿದಿದ್ದ ನಿಜವಾದ ಕಣ್ಣಿನಲ್ಲಿ ಚಿಕ್ಕ ಬಿಳಿ ಚುಕ್ಕೆ, ಪಾಪೆಯ ಎಡಕ್ಕೆ ಸ್ವಲ್ಪ ಮೇಲೆ. ಮದುಮಗನ ಎರಡೂ ಕಣ್ಣಲ್ಲಿ ಚುಕ್ಕೆ ಅಲ್ಲೇ ಇತ್ತು. ಅಂದರೆ ಫೋಟೋಗ್ರಾಫರ್ ಫ್ಲಾಶನ್ನು ಕ್ಯಾಮೆರಾದ ಎಡಕ್ಕೆ, ಸ್ವಲ್ಪ ಎತ್ತರದಲ್ಲಿ ಹಿಡಿದಿದ್ದರು. ಬೆಳಕು ಒಂದೇ ಆದ ಮೇಲೆ ಎಲ್ಲ ಕಣ್ಣಲ್ಲೂ ಚುಕ್ಕೆ ಒಂದೇ ಬದಿಗೆ ಇರಬೇಕು, ಅಲ್ವಾ? ಇದೇ ಕಾರಣಕ್ಕೆ ಚೆನ್ನಾಗಿರುವ ಕಣ್ಣನ್ನೇ ಕನ್ನಡಿಯಂತೆ ತಿರುಗಿಸಿ ಇನ್ನೊಂದು ಬದಿಗೆ ಅಂಟಿಸುವುದೂ ನಡೆಯುವುದಿಲ್ಲ. ಚುಕ್ಕೆ ಎದುರು ಬದಿಗೆ ಹೋಗುತ್ತದೆ. ನೋಟ ನೇರವಾಗಿ ಇಲ್ಲದಿದ್ದರೆ ಕಣ್ಣುಗಳು ಒಂದೊಂದು ದಿಕ್ಕಿಗೆ ನೋಡುತ್ತವೆ.

ಹುಟ್ಟಿಸಿದ ಹೊಳಪನ್ನು ಸುತ್ತಲಿನ ಕಂದು ಬಣ್ಣದಿಂದ ಮುಚ್ಚಿದೆ. ಹೊಸ ಲೇಯರ್‌ನಲ್ಲಿ ಚಿಕ್ಕ ಬ್ರಷ್‌ನಿಂದ, ನಿಜವಾದ ಕಣ್ಣಿನಲ್ಲಿರುವಷ್ಟೇ ದೊಡ್ಡ ಚುಕ್ಕೆ ಇಟ್ಟೆ. ಆಮೇಲೆ ಅಳತೆ. ಪಾಪೆಯ ಸುತ್ತಲಿನ ಬಣ್ಣದ ವೃತ್ತ ದೊಡ್ಡವರೆಲ್ಲರಲ್ಲೂ ಸುಮಾರು 12 ಮಿಲಿಮೀಟರ್ ಅಗಲ ಇರುತ್ತದೆ, ವ್ಯತ್ಯಾಸ ತೀರಾ ಕಡಿಮೆ. ಹಾಗಾಗಿ ಮುಖ ನೇರವಾಗಿದ್ದರೆ ಎರಡು ವೃತ್ತಗಳೂ ಒಂದೇ ಅಳತೆಗೆ ಬರಬೇಕು. ಹುಟ್ಟಿಸಿದ್ದು ಕೊಂಚ ದೊಡ್ಡದಿತ್ತು, ಕುಗ್ಗಿಸಿದೆ. ಕೊನೆಗೆ ಕಣ್ಣಿನ ಬಿಳಿ. ಅದು ನಿಜಕ್ಕೂ ಬಿಳಿ ಅಲ್ಲ, ಬೂದು. ಮೇಲಿನ ರೆಪ್ಪೆಯ ಕೆಳಗೆ ನೆರಳು ಬೀಳುತ್ತದೆ, ಮೂಲೆಯಲ್ಲಿ ಕೆಂಪಿನ ಛಾಯೆ ಇರುತ್ತದೆ. ಟೂಲಿಗೆ ಈ ನೆರಳು ಅಷ್ಟಾಗಿ ಬರುವುದಿಲ್ಲ. ಕಣ್ಣು ಗಾಜಿನ ಗೋಲಿಯಂತೆ ಕಾಣುವುದು ಇದರಿಂದಲೇ. ರೆಪ್ಪೆಯಡಿ ತೆಳುವಾಗಿ ಕಪ್ಪು ಹಾಯಿಸಿದರೆ ಅರ್ಧ ಕೆಲಸ ಆದಂತೆ.

ಕಣ್ಣು ಮುಗಿಸಿ ಕರಡು ಪ್ರಿಂಟ್ ತೋರಿಸಿದಾಗ ಅಮ್ಮನೂ ಬಂದಿದ್ದರು. ನೋಡಿದವರೇ, "ಈ ಹಲ್ಲು ಯಾರದ್ದು? ನಂದು ಇಷ್ಟು ಸಾಲಾಗಿ ಯಾವಾಗ ಇತ್ತು?" ಎಂದರು. ಮಗಳು ನಗು ತಡೆಯಲಾರದೆ ಆಚೆ ತಿರುಗಿದರು.

ಅವರು ಹೇಳಿದ್ದು ಸರಿಯೇ. ಹುಟ್ಟಿಸಿದ ಹಲ್ಲುಗಳೆಲ್ಲ ಒಂದೇ ಅಳತೆ, ಒಂದೇ ಬಿಳುಪು, ನಡುನಡುವೆ ಗೀಟು ಎಳೆದಂತೆ ಸಂದು. ನಿಜವಾದ ಬಾಯಿಯಲ್ಲಿ ಮುಂದಿನ ಎರಡು ಹಲ್ಲು ಅಗಲ. ಪಕ್ಕಕ್ಕೆ ಹೋದಂತೆ ಕಿರಿದಾಗಿ ಕಾಣುತ್ತವೆ, ಬಾಯಿಯ ಮೂಲೆಗೆ ಬರುವಷ್ಟರಲ್ಲಿ ಕತ್ತಲಲ್ಲಿ ಕರಗುತ್ತವೆ. ಹೀಗಾಗಿ ನಾನು ಹಲ್ಲನ್ನು ತಿದ್ದಲಿಲ್ಲ, ತೆಗೆದೇ ಹಾಕಿದೆ. ಅವರ ಇನ್ನೊಂದು ಫೋಟೋದಿಂದ, ಹಲ್ಲಿನ ಮೇಲೆ ಹಲ್ಲು ಸ್ವಲ್ಪ ಏರಿದ ಆ ಬದಿಯನ್ನೇ ತಂದು, ವಾರ್ಪ್ ಮಾಡಿ ತುಟಿಯ ಕೆಳಗೆ ಕೂರಿಸಿದೆ. ಹಲ್ಲುಗಳ ನಡುಸಂದು ಮೂಗಿನ ಕೆಳಗಿನ ತಗ್ಗಿಗೆ ಹೆಚ್ಚುಕಡಿಮೆ ನೇರವಾಗಿದೆಯೇ ಎಂದು ನೋಡಿದೆ. ಮೂಲೆಯ ಹಲ್ಲುಗಳನ್ನು ಕರ್ವ್ಸ್‌ನಲ್ಲಿ ಕಪ್ಪಾಗಿಸಿದೆ. ಹಳದಿಯನ್ನು ಪೂರ್ತಿ ತೆಗೆಯಬಾರದು. ತೆಗೆದರೆ ಹಲ್ಲು ನೀಲಿ ಹೊಡೆಯುತ್ತದೆ.

ಇನ್ನೊಂದು ವಿಷಯ ಬಹಳ ಜನ ಗಮನಿಸುವುದಿಲ್ಲ. ಹಲ್ಲು ಕಾಣುವಂತೆ ಮನಸಾರೆ ನಕ್ಕಾಗ ಕೆನ್ನೆ ಮೇಲೇರಿ ಕೆಳರೆಪ್ಪೆಯನ್ನು ಒತ್ತುತ್ತದೆ, ಕಣ್ಣು ಕಿರಿದಾಗುತ್ತದೆ. ಹುಟ್ಟಿಸಿದ ಕಣ್ಣು ಪೂರ್ತಿ ತೆರೆದಿತ್ತು. ಬಾಯಿ ನಗುತ್ತಿದೆ, ಕಣ್ಣು ನಗುತ್ತಿಲ್ಲ. ಲಿಕ್ವಿಫೈನಲ್ಲಿ ಕೆಳರೆಪ್ಪೆಯನ್ನು ಒಂದಿಷ್ಟು ಎತ್ತಿದ ಮೇಲೆ ಎರಡೂ ಒಂದಕ್ಕೊಂದು ಹೊಂದಿದವು.

ಕೂದಲಲ್ಲಿ ಮುಖ್ಯ ಪ್ರಶ್ನೆ ಮೂಲ ಭಾಗಕ್ಕೂ ಹುಟ್ಟಿಸಿದ ಭಾಗಕ್ಕೂ ಬೆಸುಗೆ ಎಲ್ಲಿ ಬರಬೇಕು ಎಂಬುದು. ಕೂದಲು ಮತ್ತು ಹಣೆ ಸೇರುವ ಗೆರೆಯ ಮೇಲೇ ಮಾಸ್ಕ್ ಮುಗಿದರೆ, ಎಳೆಗಳು ಅಲ್ಲಿ ಕತ್ತರಿಸಿದಂತೆ ನಿಲ್ಲುತ್ತವೆ. ಅಂಚು ಮೆದುವಾಗಲಿ ಅಂತ ಫೆದರ್ ಜಾಸ್ತಿ ಕೊಟ್ಟರೆ ಹೊಗೆಯಂತಾಗುತ್ತದೆ. ಹಣೆಯ ಮೇಲಿನ ಕೂದಲು ಮೂಲದಲ್ಲೇ ಉಳಿದಿದ್ದರಿಂದ, ಅಲ್ಲಿ ಬೆಸುಗೆಯನ್ನು ಕೆಳಗೆ ಬರೀ ಚರ್ಮದ ಮೇಲೆ ತಂದೆ. ಕೆನ್ನೆಪಕ್ಕದಲ್ಲಿ ಕೂದಲೇ ಇರಲಿಲ್ಲವಲ್ಲ, ಅಲ್ಲಿ ಹುಟ್ಟಿಸಿದ ಕೂದಲನ್ನೇ ತೆಗೆದುಕೊಂಡು ಬೆಸುಗೆಯನ್ನು ದಟ್ಟ ಕೂದಲಿನ ಒಳಗೆ ಹಾಕಿದೆ. ಹೊರ ಅಂಚಿನ ತಿಳಿ ಬಣ್ಣದ ಗೆರೆ ಹೋಗಲು ಆ ಲೇಯರನ್ನು ಅಂಚಿನಲ್ಲಿ ಮಾತ್ರ `Darken` ಮಾಡಿದೆ. ಮೇಲೆ ಒಂದೆರಡು ಪಿಕ್ಸೆಲ್ ಬ್ರಷ್‌ನಿಂದ ಬಿಡಿ ಎಳೆಗಳು. ಬಣ್ಣ ಅಪ್ಪಟ ಕಪ್ಪಲ್ಲ, ಪಕ್ಕದ ಕೂದಲಿನಿಂದಲೇ ಎತ್ತಿದ್ದು. ಕೆಂಪು ವಸ್ತ್ರದ ಹತ್ತಿರ ನಿಜವಾದ ಕೂದಲಿಗೆ ಕೆಂಪು ಛಾಯೆ ಬಡಿದಿತ್ತು. ಹುಟ್ಟಿಸಿದ್ದರಲ್ಲಿ ಅದು ಇರಲಿಲ್ಲ, ತೆಳುವಾಗಿ ಸೇರಿಸಿದೆ.

ಇಷ್ಟಾದರೂ ತೇಪೆ ಕಾಣುತ್ತಿತ್ತು, ಏಕೆಂದರೆ ಹುಟ್ಟಿಸಿದ ಭಾಗ ಹಳೆ ಫೋಟೋಗಿಂತ ಚೊಕ್ಕವಾಗಿರುತ್ತದೆ. ಮೊದಲು ಅದನ್ನು ನಿಜವಾದ ಕಣ್ಣಿನ ಶಾರ್ಪ್‌ನೆಸ್‌ಗೆ ಇಳಿಯುವಷ್ಟು ಬ್ಲರ್ ಮಾಡಬೇಕು, ಹಳೆ ಫೋಟೋದ ಸಣ್ಣ ಕಾಳುಕಾಳಾದ ಗ್ರೇನ್ ಆಮೇಲೆ. ಮೊದಲೇ ಗ್ರೇನ್ ಹಾಕಿದರೆ ಬ್ಲರ್ ಅದನ್ನೂ ಅಳಿಸುತ್ತದೆ. 50% ಬೂದು ಲೇಯರನ್ನು `Overlay`ಗೆ ಹಾಕಿ, ನಾಯ್ಸ್ ಸೇರಿಸಿ, ಅರ್ಧ ಪಿಕ್ಸೆಲ್ ಮೆದುಮಾಡಿದೆ. ಚಾನೆಲ್‌ಗಳನ್ನು ಒಂದೊಂದಾಗಿ ತೆರೆದು ನೋಡಿದೆ. ನೀಲಿ ಚಾನೆಲ್‌ನಲ್ಲಿ ಗ್ರೇನ್ ಜಾಸ್ತಿ ಕಾಣುವುದರಿಂದ, ನುಣುಪಾದ ತೇಪೆ ಉಳಿದಿದ್ದರೆ ಅಲ್ಲಿ ಬೇಗ ಸಿಕ್ಕಿಬೀಳುತ್ತದೆ.

ಈ ವಿಧಾನ ನಿಂತಿರುವುದೇ ಉಳಿದ ಒಂದು ಕಣ್ಣಿನ ಮೇಲೆ. ಎರಡೂ ಕಣ್ಣು ಹೋಗಿ, ಬೇರೆ ಫೋಟೋನೂ ಇಲ್ಲದಿದ್ದರೆ ನಾನು ಕೆಲಸ ಒಪ್ಪಿಕೊಳ್ಳುವುದಿಲ್ಲ. ಹಾಗೆ ಬರುವುದು ಇನ್ಯಾರದ್ದೋ ಮುಖ. ಒಪ್ಪಿಕೊಂಡ ಕೆಲಸದಲ್ಲೂ ಮೂಲ ಸ್ಕ್ಯಾನನ್ನು ಬೇರೆ ಫೈಲಾಗಿ ಕೊಡುತ್ತೇನೆ, ಮುಖದ ಯಾವ ಭಾಗ ಹುಟ್ಟಿಸಿದ್ದು ಅಂತ ಪ್ರಿಂಟಿನ ಹಿಂದೆ ಪೆನ್ಸಿಲ್‌ನಲ್ಲಿ ಬರೆದಿರುತ್ತೇನೆ.