ಜ್ಯೋತಿಷಿಗೆ ಹಣ ಕೊಡುವ ಮೊದಲು ಕೇಳಬೇಕಾದ ಪ್ರಶ್ನೆಗಳು

ಮದುವೆಗೆಂದು ಜಾತಕ ತೋರಿಸಲು ಹೋದವರು ಹೆದರುವ ಮಾತು ಒಂದೇ: ‘ಹುಡುಗಿಗೆ ಕುಜದೋಷ ಇದೆ.’ ಪರಿಹಾರಕ್ಕೆ ಎಷ್ಟಾಗುತ್ತದೆ ಎಂದು ಹೆತ್ತವರು ಆಗಲೇ ಕೇಳಿಬಿಡುತ್ತಾರೆ. ಜ್ಯೋತಿಷ್ಯ ನಿಜವೋ ಸುಳ್ಳೋ ಎಂಬ ಜಗಳ ಇಲ್ಲಿ ಬೇಡ. ಎದುರಿಗೆ ಕೂತವರು ತಮ್ಮ ಶಾಸ್ತ್ರಕ್ಕಾದರೂ ನಿಯತ್ತಾಗಿದ್ದಾರಾ ಎಂದು ನೋಡುವುದು ಹೇಗೆ, ಅಷ್ಟೇ.

ಮೊದಲು ಫೋನಿನಲ್ಲೇ ದಕ್ಷಿಣೆ ಎಷ್ಟೆಂದು ಕೇಳಿ. ಪರಿಹಾರಕ್ಕೆ ಬೇರೆ ಹಣ ಉಂಟಾ ಅಂತಲೂ ಕೇಳಿ. ‘ಬನ್ನಿ, ನೋಡೋಣ’ ಎಂದಷ್ಟೇ ಹೇಳಿದರೆ ಬೇರೆಯವರನ್ನು ಹುಡುಕಿ.

ಎದುರು ಕೂತಾಗ, ಹುಟ್ಟಿದ ಸಮಯದ ಬಗ್ಗೆ ಏನು ಕೇಳುತ್ತಾರೆ ಗಮನಿಸಿ. ಲಗ್ನ ಅಂದರೆ ಹುಟ್ಟಿದ ಹೊತ್ತಿಗೆ ಪೂರ್ವದಲ್ಲಿ ಉದಯಿಸುತ್ತಿರುವ ರಾಶಿ, ಮನೆಗಳ ಎಣಿಕೆ ಅಲ್ಲಿಂದ ಶುರು. ಅದು ಸುಮಾರು ಎರಡು ಗಂಟೆಗೊಮ್ಮೆ ಬದಲಾಗುತ್ತದೆ. ಹಾಗಾಗಿ ಸಮಯ ಆಸ್ಪತ್ರೆಯಲ್ಲಿ ಬರೆದಿದ್ದೋ, ಅಜ್ಜಿ ನೆನಪಿನಿಂದ ಹೇಳಿದ್ದೋ ಎಂದು ಬಲ್ಲವರು ವಿಚಾರಿಸುತ್ತಾರೆ. ಅನುಮಾನ ಇದ್ದರೆ ‘ಲಗ್ನ ಖಚಿತ ಇಲ್ಲ’ ಅನ್ನುತ್ತಾರೆ. ಕುಂಡಲಿ ಬಿಚ್ಚುವ ಮೊದಲೇ ‘ಯಾರೋ ಮಾಟ ಮಾಡಿಸಿದ್ದಾರೆ’ ಅಂದರೆ ಅಲ್ಲಿಗೆ ಮುಗಿಯಿತು.

ದೋಷ ಅಂದ ಕೂಡಲೇ ಹೀಗೆ ಕೇಳಿ: ಯಾವ ಗ್ರಹ, ಯಾವ ಮನೆ, ಎಲ್ಲಿಂದ ಎಣಿಸಿದಿರಿ? ದೋಷಕ್ಕೆ ಭಂಗ, ಅಂದರೆ ಅದು ರದ್ದಾಗುವ ಕಾರಣ, ಇದೆಯಾ?

ಒಂದು ಜಾತಕ ನೋಡೋಣ. ಮೇಷ ಲಗ್ನ, ಕುಜ ವೃಶ್ಚಿಕದಲ್ಲಿ. ಮೇಷದಿಂದ ಎಣಿಸಿದರೆ ವೃಶ್ಚಿಕ 8ನೇ ಮನೆ. ಕುಜ 1, 2, 4, 7, 8, 12ರಲ್ಲಿದ್ದರೆ ದೋಷ ಎಂದು ಹಲವರ ಎಣಿಕೆ, ಹಾಗಾಗಿ ದೋಷ ಇದೆ ಅಂದದ್ದು ಸುಳ್ಳಲ್ಲ. ಆದರೆ ವೃಶ್ಚಿಕ ಕುಜನ ಸ್ವಂತ ಮನೆ. ಸ್ವಕ್ಷೇತ್ರದಲ್ಲಿದ್ದರೆ ದೋಷವಿಲ್ಲ ಎಂದು ಅನೇಕರು ಒಪ್ಪುತ್ತಾರೆ. ಭಯ ಮಾರುವವರು ಮೊದಲರ್ಧ ಹೇಳಿ ಎರಡನೆಯದನ್ನು ನುಂಗುತ್ತಾರೆ. ಇನ್ನೊಂದು ಲೆಕ್ಕ ನೋಡಿ. ಹನ್ನೆರಡು ಮನೆಗಳಲ್ಲಿ ಆರು ದೋಷದವು. ಅಂದರೆ ಲಗ್ನದಿಂದ ಮಾತ್ರ ಎಣಿಸಿದರೂ ಹೆಚ್ಚುಕಡಿಮೆ ಅರ್ಧ ಜನಕ್ಕೆ ಕುಜದೋಷ! ಚಂದ್ರ, ಶುಕ್ರರಿಂದಲೂ ಎಣಿಸಿದರೆ ತಪ್ಪಿಸಿಕೊಳ್ಳುವವರು ಇನ್ನೂ ಕಡಿಮೆ.

ಸಾಡೇಸಾತಿಯೂ ಹಾಗೆಯೇ. ಶನಿ ನಿಮ್ಮ ಜನ್ಮರಾಶಿ, ಅದರ ಹಿಂದಿನ ಮತ್ತು ಮುಂದಿನ ರಾಶಿ ದಾಟುವ ಕಾಲ ಅದು. ಶನಿ ಒಂದು ರಾಶಿಯಲ್ಲಿ ಸುಮಾರು ಎರಡೂವರೆ ವರ್ಷ ಇರುತ್ತಾನೆ, ಮೂರು ರಾಶಿ ದಾಟಲು ಏಳೂವರೆ ವರ್ಷ. ಯಾವತ್ತು ನೋಡಿದರೂ ಮೂರು ರಾಶಿಯವರಿಗೆ ಸಾಡೇಸಾತಿ ನಡೆಯುತ್ತಲೇ ಇರುತ್ತದೆ. ಯಾವಾಗ ಶುರು, ಯಾವಾಗ ಮುಗಿಯುತ್ತದೆ ಎಂದು ಪಂಚಾಂಗ ನೋಡಿ ಹೇಳದವರು ಸುಮ್ನೆ ಹೆದರಿಸುತ್ತಿದ್ದಾರೆ.

ಇನ್ನು ಪರಿಹಾರ. ದೋಷ ಹೇಳಿದವರೇ ಹರಳು, ಯಂತ್ರ, ಹೋಮ ಮಾರುತ್ತಿದ್ದರೆ ಅವರಿಗೆ ದೋಷ ಬೇಕೇ ಬೇಕಲ್ವಾ? ಪ್ರಾಮಾಣಿಕರು ನೀವೇ ಮಾಡಿಕೊಳ್ಳಬಹುದಾದ್ದನ್ನು ಹೇಳುತ್ತಾರೆ, ನಿಮ್ಮ ಊರಿನ ದೇವಸ್ಥಾನದಲ್ಲಿ ದೀಪ ಹಚ್ಚಿ ಅನ್ನುವಂಥದ್ದು. ಸಾವಿನ ದಿನ ಹೇಳುವುದಿಲ್ಲ. ಕಾಯಿಲೆ ಅಂದರೆ ಡಾಕ್ಟರ ಹತ್ತಿರ ಹೋಗಿ ಅನ್ನುತ್ತಾರೆ.

ಕೊನೆಗೆ ಪರಿಹಾರವನ್ನು ಖರ್ಚಿನ ಸಮೇತ ಚೀಟಿಯಲ್ಲಿ ಬರೆಸಿಕೊಂಡು, ‘ಮನೆಯಲ್ಲಿ ಮಾತಾಡಿ ಹೇಳ್ತೀವಿ’ ಅನ್ನಿ. ‘ಆಗಲಿ’ ಎಂದರೆ ಸರಿ. ‘ಮನೆಯಲ್ಲಿ ಯಾರಿಗೂ ಹೇಳಬೇಡಿ, ಇವತ್ತೇ ಆಗಬೇಕು’ ಎಂದರೆ ಮಾತಾಡಿಕೊಂಡ ದಕ್ಷಿಣೆ ಮಾತ್ರ ಕೊಟ್ಟು, ಜಾತಕ ವಾಪಸ್ ಇಸಿದುಕೊಂಡು ಎದ್ದು ಬನ್ನಿ.